ಮೇಷ್ಟ್ರಿಗೆ ಬರೆದ ಹದಿನಾಲ್ಕು ಮಾತ್ರೆಗಳ ಕಾಗದ

"ದಿನಕ್ಕೆ ಎರಡು, ಊಟದ ಮೇಲೆ, ಏಳು ದಿನ." ಇಷ್ಟು ಹೇಳಿ ಚೀಟಿ ಹರಿದುಕೊಡಲು ವೈದ್ಯನಿಗೆ ಐದು ಸೆಕೆಂಡು ಸಾಕು. ಎಪ್ಪತ್ತು ದಾಟಿದವರ ಮನೆಯಲ್ಲಿ ಆ ಮಾತು ಏನಾಗುತ್ತದೆ ಎಂಬುದು ಬೇರೆಯೇ ಕಥೆ. ದಿನಕ್ಕೆ ಎರಡು ಎಂದರೆ ಕೆಲವರಿಗೆ ಬೆಳಗಿನ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು. ಊಟದ ಮೇಲೆ ಎಂದರೆ ರಾತ್ರಿ ಹಾಸಿಗೆ ಹಾಸಿಕೊಂಡು, ದೀಪ ಆರಿಸುವ ಮೊದಲು, ಒಂದು ಗುಟುಕು ಹಾಲಿನ ಜೊತೆ. ಏಳು ದಿನ ಎಂದರೆ ಜ್ವರ ಬಿಡುವವರೆಗೆ. ಉಳಿದದ್ದು ಡಬ್ಬಿಗೆ.

ನಾನು ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವವನು. ಸಂಜೆಯ ಗದ್ದಲದಲ್ಲಿ ವಿವರವಾಗಿ ಹೇಳಲು ಆಗುವುದಿಲ್ಲ. ಹೇಳಿದರೂ ಕಿವಿ ಮಂದವಾದವರಿಗೆ ಅರ್ಧ ಮಾತ್ರ ಕೇಳುತ್ತದೆ. ಹಾಗಾಗಿ ಕೆಲವು ಹಿರಿಯರಿಗೆ ಅಂಗಡಿ ಮುಚ್ಚಿದ ಮೇಲೆ ಕಾಗದ ಬರೆದು, ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಕೆಳಗಿನದು ಅಂಥದೊಂದು. ಬರೆಸಿಕೊಂಡವರು ನಿವೃತ್ತ ಶಾಲಾ ಮೇಷ್ಟ್ರು, ವಯಸ್ಸು 74, ಸಣ್ಣ ಅಡಿಕೆ ತೋಟ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಉಂಟು. ಅವರ ಒಪ್ಪಿಗೆಯ ಮೇಲೆ, ಗುರುತು ಸಿಗದಂತೆ ಮಾಡಿ ಇಲ್ಲಿ ಕೊಡುತ್ತಿದ್ದೇನೆ. ಕಾಯಿಲೆಯ ಹೆಸರು ಸ್ಕ್ರಬ್ ಟೈಫಸ್. ಮಳೆಗಾಲ ಮುಗಿದು ಚಳಿ ಬೀಳುವ ತಿಂಗಳುಗಳಲ್ಲಿ ನಮ್ಮ ಕಡೆ ಬಿಡದೆ ಕಾಡುವ ಜ್ವರಗಳಲ್ಲಿ ಇದೂ ಒಂದು.

*

ಮೇಷ್ಟ್ರಿಗೆ ನಮಸ್ಕಾರ.

ಸಂಜೆ ನೀವು ಹೋದ ಮೇಲೆ ಲ್ಯಾಬಿನಿಂದ ಫೋನ್ ಬಂತು. ನಾನು ಅಂದುಕೊಂಡದ್ದೇ ಸರಿ. ನಿಮ್ಮ ಸೊಂಟದಲ್ಲಿ, ಪಂಚೆಯ ಗಂಟಿನ ಕೆಳಗೆ, ಬೀಡಿಯಿಂದ ಸುಟ್ಟ ಹಾಗೆ ಕಾಣುವ ಕಪ್ಪು ಹಕ್ಕಳೆ ಇತ್ತಲ್ಲ, ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ನೋಡಿಕೊಂಡೇ ಇರಲಿಲ್ಲ ಎಂದಿರಲ್ಲ, ಜ್ವರ ಒಳಗೆ ಬಂದ ಬಾಗಿಲು ಅದೇ. ಸೊಪ್ಪಿನ ಬೆಟ್ಟದಲ್ಲಿ ದರಕು ಒಟ್ಟಿಸಲು ಹೋಗಿದ್ದು ಹತ್ತು ಹನ್ನೆರಡು ದಿನದ ಹಿಂದೆ ಎಂದು ನೀವೇ ಹೇಳಿದಿರಿ, ಲೆಕ್ಕ ಸರಿಹೋಗುತ್ತದೆ. ಪೊದೆ, ಹುಲ್ಲು, ಒಣ ಎಲೆಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳಿರುತ್ತವೆ. ಅವು ಕಚ್ಚಿದಾಗ ಒಂದು ರೋಗಾಣು ಮೈಗೆ ಸೇರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮೊಮ್ಮಗನನ್ನು ಹತ್ತಿರ ಬಿಡಬೇಡಿ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಈ ಸಾಲನ್ನು ತೋರಿಸಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಮೂರು ದಿನ ನುಂಗಿದ ಅಮಾಕ್ಸಿಸಿಲಿನ್ ಯಾಕೆ ಹಿಡಿಯಲಿಲ್ಲ ಎಂದು ಕೇಳಿದಿರಿ. ಅದು ಪೆನಿಸಿಲಿನ್ ಜಾತಿಯದು. ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟದಂತೆ ತಡೆದು ಕೊಲ್ಲುವುದು ಅದರ ಕ್ರಮ. ನಿಮಗೆ ತಗುಲಿದ ರೋಗಾಣು ನಮ್ಮ ಜೀವಕೋಶಗಳ ಒಳಗೇ ಹೊಕ್ಕು ಕೂರುತ್ತದೆ. ಅದಕ್ಕೆ ಅಂಥ ಗೋಡೆಯೂ ತೀರ ಅಲ್ಪ. ಆ ಮಾತ್ರೆಯನ್ನು ಮೂರು ದಿನವಲ್ಲ, ಮೂವತ್ತು ದಿನ ನುಂಗಿದ್ದರೂ ಇಷ್ಟೇ. ಈಗ ಬರೆದುಕೊಟ್ಟಿರುವ ಡಾಕ್ಸಿಸೈಕ್ಲಿನ್ ಜೀವಕೋಶದ ಒಳಗೆ ಹೋಗಬಲ್ಲದು. ಒಂದೊಂದರಲ್ಲಿ 100 ಮಿಲಿಗ್ರಾಂ. ಮೂತ್ರಪಿಂಡ ಸ್ವಲ್ಪ ನಿಧಾನವಾಗಿರುವ ವಯಸ್ಸಿನವರಿಗೂ ಇದರ ಪ್ರಮಾಣವನ್ನು ಕಡಿಮೆ ಮಾಡಬೇಕಾಗುವುದಿಲ್ಲ ಎಂಬುದು ನನಗೆ ಇನ್ನೊಂದು ಸಮಾಧಾನ.

ಬೆಳಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ಹದಿನೈದು ಇಪ್ಪತ್ತು ನಿಮಿಷ ಆಚೀಚೆ ಆದರೆ ಚಿಂತೆಯಿಲ್ಲ, ಆದರೆ ನಡುವೆ ಸುಮಾರು ಹನ್ನೆರಡು ಗಂಟೆ ಇರಲಿ. ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು ನುಂಗಿದರೆ ನಾಲ್ಕೈದು ಗಂಟೆಯಲ್ಲೇ ಎರಡು ಒಳಗೆ ಹೋಗುತ್ತವೆ. ಆಮೇಲೆ ಹತ್ತೊಂಬತ್ತು ಇಪ್ಪತ್ತು ಗಂಟೆ ಏನೂ ಇಲ್ಲ. ಬೆಳಗಿನ ಹೊತ್ತಿಗೆ ರಕ್ತದಲ್ಲಿ ಔಷಧಿ ಇಳಿದಿರುತ್ತದೆ.

ಮೊದಲನೆಯದನ್ನು ಇಂದು, ಮಂಗಳವಾರ ರಾತ್ರಿ, ನಮ್ಮಲ್ಲೇ ನುಂಗಿಸಿದೆ. ಬುಧವಾರದಿಂದ ಮುಂದಿನ ಸೋಮವಾರದವರೆಗೆ ಆರು ದಿನ, ದಿನಕ್ಕೆ ಎರಡರಂತೆ ಹನ್ನೆರಡು. ಕೊನೆಯದು ಮುಂದಿನ ಮಂಗಳವಾರ ಬೆಳಗ್ಗೆ. ಒಟ್ಟು ಹದಿನಾಲ್ಕು. ದಿನ ಎಣಿಸಿದರೆ ಎಂಟು ಬರುತ್ತದೆ, ಚೀಟಿಯಲ್ಲಿ ಏಳು ಎಂದಿದೆ ಎಂದು ಗೊಂದಲ ಬೇಡ. ದಿನ ಬಿಟ್ಟು ಮಾತ್ರೆ ಎಣಿಸಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ನುಂಗಿದ ಮೇಲೆ ಒಂದೊಂದು ಗೀಟು ಹಾಕಿ. ನುಂಗುವ ಮೊದಲು ಹಾಕಬೇಡಿ. ಗೀಟು ಹಾಕಿ ನೀರು ತರಲು ಹೋಗಿ, ಹೋದಲ್ಲಿ ಯಾರೋ ಮಾತಿಗೆ ಸಿಕ್ಕಿ, ಮಾತ್ರೆ ಮೇಜಿನ ಮೇಲೇ ಉಳಿಯುತ್ತದೆ.

ಇನ್ನು ನುಂಗುವ ರೀತಿ. ಇದನ್ನು ದಯವಿಟ್ಟು ಎರಡು ಸಲ ಓದಿ. ಈ ಮಾತ್ರೆ ನೀರಿನಲ್ಲಿ ಕರಗಿದಾಗ ಬಲು ಹುಳಿ, ಆಮ್ಲದ ಹಾಗೆ. ಹೊಟ್ಟೆಗೆ ಅದು ಲೆಕ್ಕಕ್ಕಿಲ್ಲ. ಹೊಟ್ಟೆಯೊಳಗೆ ಇರುವುದೂ ಆಮ್ಲವೇ. ಅನ್ನನಾಳಕ್ಕೆ ಆ ಶಕ್ತಿ ಇಲ್ಲ. ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಅಡ್ಡಾದರೆ ಮಾತ್ರೆ ಎದೆಯ ಮಟ್ಟದಲ್ಲಿ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡುತ್ತದೆ. ವಯಸ್ಸಾದಂತೆ ಬಾಯಲ್ಲಿ ಜೊಲ್ಲು ಕಡಿಮೆ, ಅನ್ನನಾಳ ಕೆಳಕ್ಕೆ ತಳ್ಳುವ ವೇಗವೂ ಕಡಿಮೆ; ಅದಕ್ಕೇ ನಿಮಗೆ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಮೊದಲು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳಿ. ಬೆನ್ನು ನೆಟ್ಟಗೆ ಇಟ್ಟು ಕುಳಿತು, ಅಥವಾ ನಿಂತು, ಮಾತ್ರೆ ಬಾಯಿಗೆ ಹಾಕಿ ದೊಡ್ಡ ಲೋಟದ ತುಂಬ ನೀರನ್ನು ಪೂರ್ತಿ ಕುಡಿಯಿರಿ. ಆಮೇಲೆ ಕಡಿಮೆ ಎಂದರೆ ಅರ್ಧ ಗಂಟೆ ಮಲಗಬೇಡಿ; ರಾತ್ರಿಯದಾದರೆ ಒಂದು ಗಂಟೆ. ನೀವು ಒಂಬತ್ತೂವರೆಗೆ ಮಲಗುವವರು, ಅದಕ್ಕೇ ಎಂಟು ಎಂದು ಗೊತ್ತು ಮಾಡಿದ್ದು. ಮಾತ್ರೆಯನ್ನು ಅಗಿಯುವುದು, ಪುಡಿ ಮಾಡಿ ಜೇನುತುಪ್ಪದಲ್ಲಿ ನೆಕ್ಕುವುದು ಬೇಡ. ನುಂಗುವಾಗ ಎದೆಯ ನಡುವೆ ಚುಚ್ಚಿದಂತೆ ನೋವು, ಉಗುಳು ನುಂಗಲೂ ಕಷ್ಟ ಎನಿಸಿದರೆ ಅದು ಗ್ಯಾಸ್ ಎಂದುಕೊಂಡು ಸುಮ್ಮನಿರಬೇಡಿ. ಮುಂದಿನ ಮಾತ್ರೆ ನುಂಗುವ ಮೊದಲೇ ನನಗೆ ಫೋನ್ ಮಾಡಿ. ಬೇರೆ ಔಷಧಿಯಿದೆ, ಬದಲಾಯಿಸೋಣ. ನೋವು ಎದೆಯನ್ನು ಅಮುಕಿದ ಹಾಗಿದ್ದು, ಬೆವರು, ಏದುಸಿರು ಜೊತೆಗಿದ್ದರೆ ಮಾತ್ರೆಯ ಮೇಲೆ ತಪ್ಪು ಹೊರಿಸುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ.

ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ವಾಕರಿಕೆ ತರುತ್ತದೆ. ತಿಂಡಿಯ, ಊಟದ ನಡುವೆಯೇ ನುಂಗಿ. ಆದರೆ ಹಾಲು, ಮೊಸರು, ಮಜ್ಜಿಗೆಯ ಜೊತೆ ಬೇಡ. ಅವುಗಳಲ್ಲಿರುವ ಸುಣ್ಣದಂಶ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ. ಹಿಡಿದದ್ದು ರಕ್ತಕ್ಕೆ ಇಳಿಯದೆ ಹಾಗೇ ಹೊರಗೆ ಹೋಗುತ್ತದೆ. ರಾತ್ರಿ ಸಾರು ಅನ್ನ ಉಣ್ಣುವಾಗ ನುಂಗಿ. ಮಜ್ಜಿಗೆ ಅನ್ನವನ್ನು ಈ ಒಂದು ವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮಲಗುವಾಗಿನ ಹಾಲೂ ವಾರ ಮಟ್ಟಿಗೆ ಬೇಡ. ಬೆಳಗಿನ ಕಷಾಯವನ್ನು ಆರಕ್ಕೇ ಕುಡಿದುಬಿಡಿ. ಎಂದಾದರೂ ತಪ್ಪಿ ಅರ್ಧ ಲೋಟ ಹಾಲಿನ ಕಾಫಿ ಜೊತೆಗೆ ಹೋಯಿತು ಎಂದಿಟ್ಟುಕೊಳ್ಳಿ. ಗಾಬರಿ ಬೇಡ, ಇನ್ನೊಂದು ಮಾತ್ರೆಯೂ ಬೇಡ. ಹಾಲಿನಿಂದ ಆಗುವ ನಷ್ಟ ಅಷ್ಟು ದೊಡ್ಡದಲ್ಲ.

ದೊಡ್ಡ ನಷ್ಟ ಬೇರೆ ಕಡೆಯಿಂದ ಆಗುತ್ತದೆ. ನೀವು ತಂದು ಮೇಜಿನ ಮೇಲೆ ಸುರಿದ ಚೀಲದಲ್ಲಿ ಮೂರು ಇದ್ದವು. ಮಂಡಿನೋವಿಗೆ ಯಾರೋ ಹೇಳಿದ ಕ್ಯಾಲ್ಸಿಯಂ ಮಾತ್ರೆ, ನಿಶ್ಶಕ್ತಿಗೆಂದು ಮಗಳು ತಂದ ಕಬ್ಬಿಣಾಂಶದ ಕ್ಯಾಪ್ಸೂಲ್, ಊಟವಾದ ಮೇಲೆ ಎರಡು ಮುಚ್ಚಳ ಕುಡಿಯುವ ಗ್ಯಾಸಿನ ಗುಲಾಬಿ ಬಣ್ಣದ ಸಿರಪ್. ಸಿರಪ್‌ನಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇವೆ. ಮೂರೂ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಕಬ್ಬಿಣದ್ದು ಇನ್ನೂ ಹಟಮಾರಿ: ಒಮ್ಮೆ ರಕ್ತ ಸೇರಿ ಪಿತ್ತರಸದ ಮೂಲಕ ಕರುಳಿಗೆ ಮರಳಿ ಬರುವ ಡಾಕ್ಸಿಸೈಕ್ಲಿನ್ ಅನ್ನೂ ಅಲ್ಲಿ ಹಿಡಿಯುತ್ತದೆ. ಗಂಟೆ ನೋಡಿ ಬೇರೆ ಬೇರೆ ಹೊತ್ತಿಗೆ ನುಂಗುವ ಲೆಕ್ಕ ಹಾಕಿಕೊಡಬಹುದಿತ್ತು. ಅದರ ಬದಲು ಸುಲಭದ ದಾರಿ ಹೇಳುತ್ತೇನೆ: ಮೂರನ್ನೂ ಮುಂದಿನ ಬುಧವಾರದವರೆಗೆ ಬೀರುವಿನಲ್ಲಿ ಇಡಿ. ಒಂದು ವಾರ ಕ್ಯಾಲ್ಸಿಯಂ ಇಲ್ಲದೆ ಯಾರ ಮೂಳೆಯೂ ಸವೆಯುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಗ್ಯಾಸ್ ಮಾತ್ರೆ ಇದೆಯಲ್ಲ, ಅದು ಈ ತರಹದ್ದಲ್ಲ, ಅದನ್ನು ಮುಂದುವರಿಸಿ.

ಬಿ.ಪಿ. ಮಾತ್ರೆ ಎಂದಿನಂತೆ ಇರಲಿ. ಸಕ್ಕರೆಯ ಎರಡು ಮಾತ್ರೆಗಳಲ್ಲಿ ಸಣ್ಣದು, ಗ್ಲಿಮೆಪಿರೈಡ್, ಊಟ ಸೇರದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಜ್ವರದ ಬಾಯಿಗೆ ಎರಡು ತುತ್ತು ಗಂಜಿ ಮಾತ್ರ ಹೋದ ದಿನ ಅದನ್ನು ನುಂಗುವ ಮೊದಲು ಸೊಸೆಯ ಕೈಲಿ ಸಕ್ಕರೆ ನೋಡಿಸಿ, ನನಗೆ ಹೇಳಿ. ಮೈ ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಆಮೇಲೆ ಫೋನು.

ಜ್ವರದ ವಿಷಯ. ಇಂದು ಸಂಜೆ ನಿಮಗೆ 102 ಡಿಗ್ರಿ ದಾಟಿತ್ತು. ಡಾಕ್ಸಿಸೈಕ್ಲಿನ್ ಶುರುವಾದ 48 ಗಂಟೆಯೊಳಗೆ ಈ ಜ್ವರ ಸಾಮಾನ್ಯವಾಗಿ ಇಳಿಯುತ್ತದೆ; ಎಂದರೆ ಗುರುವಾರ ರಾತ್ರಿ. ಇಳಿಯಿತೋ ಇಲ್ಲವೋ ತಿಳಿಯುವುದು ಹೇಗೆ? ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ನುಂಗುತ್ತಿದ್ದರೆ ನನಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಥರ್ಮಾಮೀಟರ್ ಇಟ್ಟು ಬರೆದಿಡಿ. ನೋಡುವುದು ಮೊದಲು, ಪ್ಯಾರಾಸಿಟಮಾಲ್ ಆಮೇಲೆ. ಮೈಕೈ ನೋವು ತಡೆಯಲಾಗದಿದ್ದರೆ, ಅಥವಾ ಜ್ವರ 101 ದಾಟಿದರೆ ಮಾತ್ರ 500ರದ್ದು ಒಂದು. ಮತ್ತೊಂದಕ್ಕೆ ಆರು ಗಂಟೆ ಕಾಯಿರಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಮುಟ್ಟಬೇಡಿ. ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ಮೊದಲೇ ಪೆಟ್ಟು ಬೀಳುವ ಸಂಭವ ಇರುತ್ತದೆ. ಅವು ಇನ್ನೊಂದು ಪೆಟ್ಟು ಹಾಕುತ್ತವೆ.

ಶುಕ್ರವಾರ ಬೆಳಗ್ಗೆ ನೀವು ಎದ್ದು ತೋಟದ ಕಡೆ ಹೊರಡುತ್ತೀರಿ, ನನಗೆ ಗೊತ್ತು. ಕೊನೆಕೊಯ್ಲಿನವರು ಬಂದಿರುತ್ತಾರೆ, ಮೈ ಹಗುರವಾಗಿರುತ್ತದೆ. ಆಗ ಡಬ್ಬಿಯಲ್ಲಿ ಇನ್ನೂ ಎಂಟು ಒಂಬತ್ತು ಮಾತ್ರೆ ಉಳಿದಿರುತ್ತವೆ. ಅಲ್ಲಿಗೆ ನಿಲ್ಲಿಸುವ ಆಸೆ ಬರುವುದೇ ಅವತ್ತು. ಡಾಕ್ಸಿಸೈಕ್ಲಿನ್ ಈ ರೋಗಾಣುವನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದು ಬೆಳೆಯದಂತೆ ಮಾಡುತ್ತದೆ. ಅದಕ್ಕೆ ಬೇಕಾದ ಪ್ರೋಟೀನ್ ತಯಾರಾಗಲು ಬಿಡುವುದಿಲ್ಲ. ಇದ್ದದ್ದನ್ನು ಹುಡುಕಿ ಮುಗಿಸುವುದು ನಿಮ್ಮ ದೇಹದ್ದೇ ಕೆಲಸ. 74 ವರ್ಷದ, ಸಕ್ಕರೆ ಕಾಯಿಲೆಯ ದೇಹ ಆ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಜ್ವರ ಬಿಟ್ಟಿತೆಂದು ಮೂರನೇ ದಿನ ಮಾತ್ರೆ ನಿಲ್ಲಿಸಿದರೆ ಜೀವಕೋಶದೊಳಗೆ ಉಳಿದವು ಮತ್ತೆ ಬೆಳೆಯುತ್ತವೆ, ವಾರದೊಳಗೆ ಜ್ವರ ಮರುಕಳಿಸಬಹುದು. ಹದಿನಾಲ್ಕನ್ನೂ ಮುಗಿಸಿ ಎನ್ನುವುದಕ್ಕೆ ಕಾರಣ ಇಷ್ಟೇ.

ಒಂದು ಹೊತ್ತಿನದು ಮರೆತರೆ ನೆನಪಾದ ಕೂಡಲೇ ನುಂಗಿ. ರಾತ್ರಿ ಹನ್ನೊಂದಕ್ಕೆ ಎಚ್ಚರವಾಗಿ ನೆನಪಾದರೂ ನುಂಗಬಹುದು, ಆದರೆ ಎದ್ದು ಕುಳಿತು, ಲೋಟ ನೀರು ಕುಡಿದು, ಗಂಟೆ ಹೊತ್ತು ಕುಳಿತೇ ಇರಬೇಕು. ಮುಂದಿನದಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ಆ ಹೊತ್ತಿನದನ್ನು ಬಿಟ್ಟುಬಿಡಿ. ಅದು ಸರದಿಯ ಕೊನೆಗೆ ಹೋಗಲಿ. ಎರಡನ್ನು ಒಟ್ಟಿಗೆ ನುಂಗಿ ಸರಿದೂಗಿಸುವುದು ಬೇಡ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಹೊಟ್ಟೆ ಶಾಂತವಾದ ಮೇಲೆ ಮತ್ತೊಂದು ನುಂಗಿ, ನನಗೆ ತಿಳಿಸಿ, ಕೊರತೆಗೆ ಒಂದು ಕಳಿಸುತ್ತೇನೆ. ಅರ್ಧ ಗಂಟೆ ದಾಟಿದ್ದರೆ ಮತ್ತೆ ನುಂಗುವುದು ಬೇಡ. ಎರಡು ಸಲ ಹೀಗಾದರೆ ಬನ್ನಿ.

ದಿನಕ್ಕೆ ಒಂದೆರಡು ಸಲ ಸಡಿಲವಾಗಿ ಭೇದಿಯಾದರೆ ಹೆದರಬೇಡಿ. ಓಆರ್‌ಎಸ್ ಕುಡಿಯಿರಿ. ನೀರಿನಂತೆ ಪದೇ ಪದೇ ಆದರೆ, ರಕ್ತ ಕಂಡರೆ, ಭೇದಿ ಕಟ್ಟುವ ಮಾತ್ರೆ ನುಂಗದೆ ನನಗೆ ಹೇಳಿ. ಇನ್ನೊಂದು, ಈ ಔಷಧಿ ಮೈಯಲ್ಲಿರುವಾಗ ಬಿಸಿಲು ಚರ್ಮವನ್ನು ಬೇಗ ಸುಡುತ್ತದೆ. ಅಂಗಳದಲ್ಲಿ ಅಡಿಕೆ ಹರಡುವ ಕೆಲಸಕ್ಕೆ ಈ ವಾರ ಬೇರೆಯವರಿರಲಿ. ಹೋಗಲೇಬೇಕೆಂದರೆ ತುಂಬುತೋಳಿನ ಅಂಗಿ, ಕೊಡೆ.

ಈಗ ಹೇಳುವುದನ್ನು ಸೊಸೆಯೂ ಓದಲಿ. ಗುರುವಾರ ರಾತ್ರಿ ದಾಟಿದರೂ ಜ್ವರ ಇಳಿಯುವ ಲಕ್ಷಣವಿಲ್ಲ, ಕುಳಿತಲ್ಲೇ ಏದುಸಿರು, ಮೂತ್ರ ತೀರ ಕಡಿಮೆ, ಕಣ್ಣು ಹಳದಿ, ಮಾತು ತಪ್ಪುವುದು, ಗುರುತು ಸಿಗದಿರುವುದು, ಹಗಲು ರಾತ್ರಿ ಮಂಪರು, ಅಥವಾ ಮಾತ್ರೆ ನುಂಗಿದ ಮೇಲೆ ಮೈತುಂಬ ದದ್ದು, ತುಟಿ ಮುಖ ಊದುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವುದು ಬೇಡ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಿ. ಈ ಕಾಗದವನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಈ ಕಾಯಿಲೆಯಲ್ಲಿ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ತೊಂದರೆ ಬರುವುದು ಹೆಚ್ಚಾಗಿ ಜ್ವರದ ಎರಡನೇ ವಾರದಲ್ಲಿ. ನಿಮಗೆ ಇಂದು ಜ್ವರದ ಆರನೇ ದಿನ. ಹಾಗಾಗಿಯೇ ಗುರುವಾರ ಎಂದು ಗೆರೆ ಎಳೆದು ಹೇಳುತ್ತಿದ್ದೇನೆ.

ಅಮ್ಮನವರಿಗೂ ನಾಳೆ ಮೈ ಬಿಸಿಯಾದರೆ ನಿಮ್ಮ ಡಬ್ಬಿಯಿಂದ ಎರಡು ತೆಗೆದುಕೊಡಬೇಡಿ. ಅವರದು ಇದೇ ಜ್ವರ ಎಂದೇನಿಲ್ಲ. ಕೊಟ್ಟರೆ ನಿಮ್ಮದೂ ಅರ್ಧ, ಅವರದೂ ಅರ್ಧ. ಅವರನ್ನು ಕರೆದುಕೊಂಡು ಬನ್ನಿ.

ಶುಕ್ರವಾರ ಬೆಳಗ್ಗೆ ನಾನೇ ಫೋನ್ ಮಾಡುತ್ತೇನೆ. ಬರೆದಿಟ್ಟ ಜ್ವರದ ಲೆಕ್ಕ ಓದಿ ಹೇಳಿ.

ನಿಮ್ಮ ಡಾಕ್ಟರು

*

ಮೇಷ್ಟ್ರ ಜ್ವರ ಗುರುವಾರ ಸಂಜೆಗೇ ಇಳಿಯಿತು. ಹದಿನಾಲ್ಕನ್ನೂ ಮುಗಿಸಿದರು. ಕಾಗದದಲ್ಲಿ ಎರಡು ಕಾಗುಣಿತದ ತಪ್ಪನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ವಾಪಸ್ ಕಳಿಸಿದ್ದರು.

ಓದುಗರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. "ಕೋರ್ಸ್ ಮುಗಿಸದಿದ್ದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮೇಷ್ಟ್ರ ಕಾಗದದಲ್ಲಿ ನಾನು ಅದನ್ನು ಬರೆಯಲಿಲ್ಲ, ಬೇಕೆಂದೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಉಪನ್ಯಾಸ ಮಾಡುವಾಗ, ಗಂಟಲು ನೋವಿಗೆ ಸಾಲದಷ್ಟು ಪೆನಿಸಿಲಿನ್ ತೆಗೆದುಕೊಂಡು ರೋಗಾಣುವನ್ನು ಪಳಗಿಸಿಬಿಡುವ ಒಬ್ಬ ಕಾಲ್ಪನಿಕ ರೋಗಿಯ ಉದಾಹರಣೆ ಕೊಟ್ಟರು. ಆ ಎಚ್ಚರಿಕೆ ಮುಂದೆ ಬಾಯಿಂದ ಬಾಯಿಗೆ ಬಂದು, ಎಷ್ಟು ಹೆಚ್ಚು ದಿನ ನುಂಗಿದರೆ ಅಷ್ಟು ಕ್ಷೇಮ ಎಂಬ ನಂಬಿಕೆಯಾಗಿ ಕುಳಿತಿತು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೆಲವು ತಜ್ಞರು ಇದನ್ನು ನೇರವಾಗಿಯೇ ಪ್ರಶ್ನಿಸಿದರು. ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ಯಾರ ತಂಟೆಗೂ ಹೋಗದೆ ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದೊಂದು ದಿನ ಹೆಚ್ಚು ಆಂಟಿಬಯಾಟಿಕ್ ನುಂಗಿದಾಗಲೂ ಅವುಗಳಲ್ಲಿ ಬಗ್ಗದವು ಮಾತ್ರ ಉಳಿದು ಬೆಳೆಯುತ್ತವೆ. ಬೇಕಾದ್ದಕ್ಕಿಂತ ಉದ್ದದ ಕೋರ್ಸ್ ಆ ದೃಷ್ಟಿಯಿಂದ ಹಾನಿಯೇ.

ಹಾಗಾದರೆ ಮನಸ್ಸು ಬಂದಾಗ ನಿಲ್ಲಿಸಬಹುದೇ? ಇಲ್ಲ. ಯಾವ ಸೋಂಕಿಗೆ ಎಷ್ಟು ದಿನ ಎಂಬುದು ಸೋಂಕಿನ ಮೇಲೆ, ಔಷಧಿಯ ಮೇಲೆ, ರೋಗಿಯ ಮೇಲೆ ನಿಲ್ಲುತ್ತದೆ. ಕೆಲವಕ್ಕೆ ಮೂರು ದಿನ ಸಾಕು. ಕ್ಷಯಕ್ಕೆ ಆರು ತಿಂಗಳು ಬೇಕು. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಕೊಡುವಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುವುದು ಏಳು ದಿನ. ಊಟದ ಜೊತೆ, ಕುಳಿತು ಅಥವಾ ನಿಂತು, ಧಾರಾಳವಾಗಿ ನೀರು ಕುಡಿದು ನುಂಗಿಸಿ ಎಂದೂ ಅದರಲ್ಲೇ ಇದೆ. ಕೋರ್ಸ್ ಚಿಕ್ಕದು ಮಾಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಕುಳಿತು ಡಬ್ಬಿಯ ಮುಂದೆ ತೀರ್ಮಾನಿಸುವುದು ತಪ್ಪು.

ಡಬ್ಬಿಯ ಮಾತು ಬಂತು. ನಮ್ಮ ಮನೆಗಳ ಔಷಧಿ ಡಬ್ಬಿಗಳಲ್ಲಿ ಕತ್ತರಿಸಿದ ಪಟ್ಟಿಗಳು ಬಿದ್ದಿರುತ್ತವೆ. ಹತ್ತರ ಪಟ್ಟಿಯಿಂದ ನಾಲ್ಕು ಕತ್ತರಿಸಿ ಕೊಟ್ಟಾಗ ಹೆಸರು ಒಂದು ತುಂಡಿಗೆ, ಅವಧಿಯ ತಾರೀಕು ಇನ್ನೊಂದು ತುಂಡಿಗೆ ಹೋಗಿರುತ್ತದೆ. ಡಾಕ್ಸಿಸೈಕ್ಲಿನ್‌ನ ಹಿರಿಯಣ್ಣ ಟೆಟ್ರಾಸೈಕ್ಲಿನ್ ಹಳತಾಗಿ ಕೆಟ್ಟದ್ದನ್ನು ನುಂಗಿದವರಿಗೆ ಮೂತ್ರಪಿಂಡ ಹಾಳಾದ ಪ್ರಕರಣಗಳು 1963ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅಂದಿನ ತಯಾರಿಕೆಯ ರೀತಿ ಈಗಿಲ್ಲ ನಿಜ. ಆದರೂ ತಾರೀಕು ಕಾಣದ ಆಂಟಿಬಯಾಟಿಕ್ ಮನೆಯಲ್ಲಿ ಇರಬೇಕಾದ ವಸ್ತುವಲ್ಲ. ಅಂಗಡಿಯಲ್ಲಿ ಕತ್ತರಿಸುವಾಗ ತಾರೀಕು ಇರುವ ಕಡೆಯ ತುಂಡನ್ನು ಕೇಳಿ ಪಡೆಯಿರಿ, ಇಲ್ಲವೇ ಬಿಲ್ಲಿನಲ್ಲಿ ಬರೆಸಿ. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಜನರಿಗೆ ಇದನ್ನು ತಿಳಿಸಲೆಂದೇ ಪ್ರಚಾರ ಶುರು ಮಾಡಿತು. ಮೇಷ್ಟ್ರು ಚೀಟಿಯಿಲ್ಲದೆ ತಂದ ಅಮಾಕ್ಸಿಸಿಲಿನ್ ಅವರ ಹೊಟ್ಟೆಗೆ ಹಾನಿ ಮಾಡಲಿಲ್ಲ. ಮೂರು ದಿನವನ್ನು ಮಾತ್ರ ತಿಂದುಹಾಕಿತು. ಈ ಜ್ವರದಲ್ಲಿ ಮೂರು ದಿನ ಎಂದರೆ ಬಹಳ.

ಮಲೆನಾಡಿನವರಿಗೆ ಇನ್ನೊಂದು ಗೊಂದಲ ಉಂಟು. ಮಂಗನ ಕಾಯಿಲೆಯೂ ಕಾಡಿನ ಅಂಚಿನಿಂದಲೇ ಬರುತ್ತದೆ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವುದು ಉಣುಗು, ಉಂಟುಮಾಡುವುದು ವೈರಸ್. ಡಾಕ್ಸಿಸೈಕ್ಲಿನ್ ಅದರ ಮುಂದೆ ಏನೂ ಮಾಡಲಾರದು. ಇಲಿ ಜ್ವರಕ್ಕಾದರೆ ಇದೇ ಔಷಧಿ ನಡೆಯುತ್ತದೆ. ರಕ್ತ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ವೈದ್ಯರು ಡಾಕ್ಸಿಸೈಕ್ಲಿನ್ ಶುರು ಮಾಡುವುದನ್ನು ನೀವು ನೋಡಿರಬಹುದು. ಎರಡು ಜ್ವರಗಳಿಗೆ ಒಂದೇ ಮದ್ದು ಎಂಬುದೂ ಅದಕ್ಕೆ ಒಂದು ಕಾರಣ. ಪಕ್ಕದ ಮನೆಯವರಿಗೆ ಹಿಡಿಯಿತು ಎಂದು ನಿಮ್ಮ ಜ್ವರಕ್ಕೂ ಅದೇ ನುಂಗಲು ಅದು ಕಾರಣವಲ್ಲ.

ಮನೆಯಲ್ಲಿ ಹಿರಿಯರಿದ್ದು ಅವರಿಗೆ ಯಾವುದೇ ಆಂಟಿಬಯಾಟಿಕ್ ಬರೆದುಕೊಟ್ಟರೆ, ಕ್ಲಿನಿಕ್ಕಿನಿಂದ ಎದ್ದು ಬರುವ ಮೊದಲು ಅವರು ನುಂಗುವ ಎಲ್ಲವನ್ನೂ ಮೇಜಿನ ಮೇಲೆ ಸುರಿಯಿರಿ. ಟಾನಿಕ್, ಮೂಳೆಯ ಮಾತ್ರೆ, ನೆರೆಯವರು ಹೇಳಿದ ಪುಡಿ, ರಕ್ತ ತೆಳುವಾಗಿಸುವ ಮಾತ್ರೆ ಎಲ್ಲವನ್ನೂ. ಯಾವುದನ್ನು ನಿಲ್ಲಿಸಬೇಕು, ಎಷ್ಟು ಗಂಟೆಗೆ ನುಂಗಬೇಕು, ಯಾವ ದಿನದೊಳಗೆ ಗುಣ ಕಾಣದಿದ್ದರೆ ಮತ್ತೆ ಬರಬೇಕು ಎಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆಸಿಕೊಳ್ಳಿ. ಮಳೆ ನಿಂತ ಮೇಲೆ ಐದು ದಿನ ಮೀರಿದ ಜ್ವರವಾದರೆ ತೋಟಕ್ಕೋ ಬೆಟ್ಟಕ್ಕೋ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಕಂಕುಳು, ಸೊಂಟ, ತೊಡೆಸಂದು, ಕಿವಿಯ ಹಿಂದೆ ಕಪ್ಪು ಹಕ್ಕಳೆ ಇದೆಯೇ ಎಂದು ಮನೆಯವರೇ ಒಮ್ಮೆ ಬೆಳಕಿನಲ್ಲಿ ನೋಡಿ.